ಗುದ್ದಿಗೆ ತೂಕ ಬರುವುದು ಎಲ್ಲಿಂದ?

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ನಾಣ್ಯ ಹಾಕಿ ಆಡಿದವರಿಗೆ ‘ಮುಸ್ತಫಾ’ ಆಟ ಮರೆತಿರಲಾರದು. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್ಕಾಂ ಕಂಪನಿ 1993ರಲ್ಲಿ ಹೊರತಂದ ಆಟ ಅದು. ಅದರಲ್ಲಿ ಬರುವ ಹಳದಿ ಟೋಪಿಯ ಮುಸ್ತಫಾ ಎಂಬ ಪಾತ್ರದ ಹೆಸರೇ ನಮ್ಮಲ್ಲಿ ಇಡೀ ಆಟದ ಹೆಸರಾಗಿಬಿಟ್ಟಿತು. ಆಡುವ ಹುಡುಗರ ಹಿಂದೆ ನಿಂತು ಬರಿದೇ ನೋಡುವವರ ಇನ್ನೊಂದು ಗುಂಪು ಇರುತ್ತಿತ್ತು. ತೆರೆಯ ಮೇಲೆ ಒಂದು ಭರ್ಜರಿ ಒದೆತ ಬಿದ್ದಾಗ ಈ ನೋಡುಗರ ಬಾಯಿಂದಲೂ ‘ಅಬ್ಬಾ’ ಎಂಬ ಉದ್ಗಾರ ಹೊರಡುತ್ತಿತ್ತು.

ಯೋಚಿಸಿದರೆ ಇದು ವಿಚಿತ್ರವೇ. ತೆರೆಯ ಮೇಲಿರುವುದು ಬಣ್ಣದ ಚುಕ್ಕೆಗಳು ಮಾತ್ರ. ಅವಕ್ಕೆ ಮೂಳೆಯಿಲ್ಲ, ಮಾಂಸವಿಲ್ಲ, ತೂಕವಿಲ್ಲ. ಒಂದು ಚುಕ್ಕೆಗಳ ಗುಂಪು ಇನ್ನೊಂದು ಚುಕ್ಕೆಗಳ ಗುಂಪಿನ ಪಕ್ಕಕ್ಕೆ ಬಂದರೆ ನೋಡುವವನ ದವಡೆ ಏಕೆ ಬಿಗಿಯಬೇಕು? ಆಟ ತಯಾರಿಸುವವರೂ ಕಾರ್ಟೂನು ಚಿತ್ರ ಬಿಡಿಸುವವರೂ ಈ ಪ್ರಶ್ನೆಗೆ ಬಹುಕಾಲದಿಂದ ಉತ್ತರ ಹುಡುಕುತ್ತ ಬಂದಿದ್ದಾರೆ. ಅವರ ಕೈಗೆ ಸಿಕ್ಕಿರುವ ಮುಖ್ಯ ಉಪಾಯಗಳು ಮೂರು: ಏಟು ಬಿದ್ದ ಕ್ಷಣದಲ್ಲಿ ಚಲನೆಯನ್ನು ನಿಲ್ಲಿಸುವುದು, ತೆರೆಯನ್ನೇ ನಡುಗಿಸುವುದು, ಮತ್ತು ಆ ಕ್ಷಣದಲ್ಲಿ ಒಂದೆರಡು ಅಸಹಜ ಚಿತ್ರಗಳನ್ನು ಮಿಂಚಿಸಿ ಮರೆಮಾಡುವುದು. ಮೂರರಲ್ಲಿ ಮೊದಲನೆಯದೇ ಹಿರಿಯಣ್ಣ ಎಂದು ನನ್ನ ಅಭಿಪ್ರಾಯ. ಹಾಗಾಗಿ ಅದರ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಮೊದಲು ತೊಡಕು ಏನೆಂದು ನೋಡೋಣ. ಹೊಡೆದಾಟದ ಆಟಗಳಲ್ಲಿ ತೆರೆಯ ಮೇಲೆ ಸೆಕೆಂಡಿಗೆ ಸಾಮಾನ್ಯವಾಗಿ 60 ಚಿತ್ರಗಳು ಬಂದುಹೋಗುತ್ತವೆ. ಒಂದೊಂದು ಚಿತ್ರಕ್ಕೂ ಫ್ರೇಮು ಎಂದು ಹೆಸರು. ಒಂದು ಫ್ರೇಮಿನ ಆಯುಷ್ಯ ಸೆಕೆಂಡಿನ ಅರವತ್ತನೆಯ ಒಂದು ಭಾಗ. ಚುರುಕಾದ ಗುದ್ದೊಂದು ನಾಲ್ಕೈದು ಫ್ರೇಮುಗಳಲ್ಲಿ ಮುಗಿದುಹೋಗುತ್ತದೆ. ಮುಷ್ಟಿ ಎದುರಾಳಿಯ ಮುಖಕ್ಕೆ ತಾಗಿರುವ ಚಿತ್ರ ಅದರಲ್ಲಿ ಒಂದೋ ಎರಡೋ. ಕಣ್ಣು ಅದನ್ನು ಹಿಡಿಯುವಷ್ಟರಲ್ಲಿ ಮುಷ್ಟಿ ಹಿಂದಕ್ಕೆ ಸರಿದಿರುತ್ತದೆ, ಎದುರಾಳಿ ಉರುಳಿರುತ್ತಾನೆ. ನೋಡುಗನಿಗೆ ಕಾರಣ ಕಾಣುವುದಿಲ್ಲ, ಪರಿಣಾಮ ಮಾತ್ರ ಕಾಣುತ್ತದೆ. ಗುದ್ದನ್ನು ಇನ್ನೂ ವೇಗವಾಗಿಸಿದರೆ ಬಲ ಹೆಚ್ಚೀತೆಂದು ಹೊಸಬರು ತಿಳಿಯುತ್ತಾರೆ. ಆಗುವುದು ಅದಕ್ಕೆ ವಿರುದ್ಧ. ಗುದ್ದು ಇನ್ನಷ್ಟು ಹಗುರಾಗಿ, ಗಾಳಿಯಲ್ಲಿ ಬೀಸಣಿಗೆ ಆಡಿಸಿದಂತಾಗುತ್ತದೆ.

ನಿಜ ಜೀವನದಲ್ಲೂ ಡಿಕ್ಕಿಯ ಕ್ಷಣ ಕಣ್ಣಿಗೆ ಕಾಣುವಂಥದಲ್ಲ. ಕ್ರಿಕೆಟ್ ಚೆಂಡು ಬ್ಯಾಟಿಗೆ ಅಂಟಿಕೊಂಡಿರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗ ಮಾತ್ರ. ಆದರೆ ಅಲ್ಲಿ ಬ್ಯಾಟು ಹಿಡಿದವನ ಅಂಗೈಗೆ ಅದರ ಅದುರು ಮುಟ್ಟುತ್ತದೆ. ಬಾಕ್ಸಿಂಗ್ ಆಡುವವನ ಭುಜಕ್ಕೆ ಎದುರಾಳಿಯ ದೇಹದ ತಡೆ ಗೊತ್ತಾಗುತ್ತದೆ. ಕಣ್ಣು ತಪ್ಪಿಸಿಕೊಂಡದ್ದನ್ನು ಮೈ ಹೇಳಿಬಿಡುತ್ತದೆ. ತೆರೆಯ ಮುಂದೆ ಕುಳಿತವನಿಗೆ ಈ ಮೈಯ ಸಾಕ್ಷಿ ಇಲ್ಲ. ಅದನ್ನು ಕಣ್ಣಿನ ಮೂಲಕವೇ ಒದಗಿಸಬೇಕಾದದ್ದು ಕಸುಬುದಾರನ ಕೆಲಸ.

ಸಿನಿಮಾದವರಿಗೂ ಇದೇ ಸಮಸ್ಯೆ ಇತ್ತು. ಅಲ್ಲಿ ನಾಯಕನ ಮುಷ್ಟಿ ಖಳನ ಕೆನ್ನೆಗೆ ತಾಗುವುದೇ ಇಲ್ಲ. ಕ್ಯಾಮೆರಾ ಇಟ್ಟ ಕೋನದಿಂದ ತಾಗಿದಂತೆ ಕಾಣುತ್ತದೆ. ಉಳಿದದ್ದನ್ನು ನಮ್ಮ ಚಿತ್ರಗಳ ಪ್ರಸಿದ್ಧ ‘ಡಿಶುಂ’ ನೋಡಿಕೊಳ್ಳುತ್ತಿತ್ತು. ಹಾಂಕಾಂಗಿನ ಸಾಹಸ ಚಿತ್ರಗಳವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಜಾಕಿ ಚಾನ್ ಚಿತ್ರಗಳಲ್ಲಿ ಏಟು ಬೀಳುವುದನ್ನು ಒಂದು ಕೋನದಿಂದ ತೋರಿಸಿ, ಇನ್ನೊಂದು ಕೋನಕ್ಕೆ ಕತ್ತರಿಸಿದಾಗ ಎರಡನೆಯ ತುಣುಕನ್ನು ಕೆಲವು ಫ್ರೇಮು ಹಿಂದಿನಿಂದ ಆರಂಭಿಸುತ್ತಾರೆ. ಲೆಕ್ಕಕ್ಕೆ ಹಿಡಿದರೆ ಅದೇ ಏಟು ಎರಡು ಸಲ ಬಿದ್ದಂತಾಯಿತು. ನೋಡುವವನ ಮನಸ್ಸು ಎರಡನ್ನೂ ಬೆಸೆದು ಒಂದೇ ದೊಡ್ಡ ಏಟನ್ನು ಮಾಡಿಕೊಳ್ಳುತ್ತದೆ. ಸಮಯವನ್ನು ಒಂದಿಷ್ಟು ಹಿಗ್ಗಿಸಿದರೆ ಬಲ ಹೆಚ್ಚಿದಂತೆ ಕಾಣುತ್ತದೆ ಎಂಬುದು ಇಲ್ಲಿನ ಗುಟ್ಟು.

ವಿಡಿಯೋ ಗೇಮಿನಲ್ಲಿ ಹೀಗೆ ಕತ್ತರಿ ಹಾಕುವಂತಿಲ್ಲ. ಆಟಗಾರ ಗುಂಡಿ ಒತ್ತುತ್ತಲೇ ಇರುತ್ತಾನೆ. ಅವನ ಕೈಯಿಂದ ಆಟವನ್ನು ಕಿತ್ತುಕೊಂಡು ಕೋನ ಬದಲಿಸಿದರೆ ಕೆಲಸ ಕೆಟ್ಟಿತು. ಹಾಗಾಗಿ ಅವರು ಹಿಗ್ಗಿಸುವ ಬದಲು ನಿಲ್ಲಿಸಿದರು. ಮುಷ್ಟಿ ತಾಗಿದ ಫ್ರೇಮಿನಲ್ಲಿ ಹೊಡೆದವನೂ ಹೊಡೆಸಿಕೊಂಡವನೂ ಕಲ್ಲಿನ ಗೊಂಬೆಗಳಂತೆ ಕೆಲವು ಫ್ರೇಮುಗಳ ಕಾಲ ನಿಂತುಬಿಡುತ್ತಾರೆ. ಆಮೇಲೆ ಚಲನೆ ಮುಂದುವರಿಯುತ್ತದೆ. ಇದಕ್ಕೆ ‘ಹಿಟ್ ಸ್ಟಾಪ್’ ಎಂದು ಹೆಸರು. ನಾವು ‘ಏಟಿನ ತಡೆ’ ಎನ್ನೋಣ. 1991ರ ‘ಸ್ಟ್ರೀಟ್ ಫೈಟರ್ 2’ ಆಟ ಆಡಿದವರೆಲ್ಲ ಈ ತಡೆಯನ್ನು ಸಾವಿರ ಸಲ ಕಂಡಿದ್ದಾರೆ. ಕಂಡಿದ್ದೇವೆಂದು ಗೊತ್ತಿರುವವರು ಕಡಿಮೆ.

ಇದರ ಲೆಕ್ಕ ಎಷ್ಟು ಕರಾರುವಾಕ್ಕಾಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್ ಯಂತ್ರಕ್ಕಾಗಿ 2001ರಲ್ಲಿ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೇ’ ಎಂಬ ಹೊಡೆದಾಟದ ಆಟ ಬಂತು. ಮಸಾಹಿರೊ ಸಕುರಾಯಿ ಅದರ ನಿರ್ದೇಶಕ. ಆ ಆಟದಲ್ಲಿ ಪ್ರತಿ ಏಟಿಗೂ ಇಷ್ಟು ಹಾನಿ ಎಂದು ಒಂದು ಅಂಕಿ ಇದೆ. ಆಟವನ್ನು ಬಿಚ್ಚಿ ನೋಡಿದ ಅಭಿಮಾನಿಗಳು ಕಂಡುಕೊಂಡ ಸೂತ್ರ ಬಹಳ ಸರಳ: ಹಾನಿಯ ಅಂಕಿಯನ್ನು 3ರಿಂದ ಭಾಗಿಸು, ಅದಕ್ಕೆ 3 ಕೂಡಿಸು, ಭಿನ್ನರಾಶಿ ಉಳಿದರೆ ಬಿಟ್ಟುಬಿಡು. ಬಂದ ಉತ್ತರವೇ ತಡೆಯ ಫ್ರೇಮುಗಳ ಸಂಖ್ಯೆ.

ಮೂರು ಅಂಕದ ಒಂದು ಚಿಕ್ಕ ಗುದ್ದು ಎಂದಿಟ್ಟುಕೊಳ್ಳಿ. ಮೂರನ್ನು ಮೂರರಿಂದ ಭಾಗಿಸಿದರೆ ಒಂದು, ಅದಕ್ಕೆ ಮೂರು ಕೂಡಿಸಿದರೆ ನಾಲ್ಕು. ಎಂದರೆ ನಾಲ್ಕು ಫ್ರೇಮು, ಸೆಕೆಂಡಿನ ಹದಿನೈದನೆಯ ಒಂದು ಭಾಗ. ಕಣ್ಣಿಗೆ ಬರಿಯ ಒಂದು ‘ಟಕ್’ ಎನಿಸುತ್ತದೆ. ಇನ್ನೊಂದು ತುದಿಯಲ್ಲಿ ಕ್ಯಾಪ್ಟನ್ ಫಾಲ್ಕನ್ ಎಂಬ ಪಾತ್ರದ ಹೆಸರಾಂತ ಗುದ್ದು ಇದೆ. ಅದರ ಹಾನಿ 27. ಒಂಬತ್ತಕ್ಕೆ ಮೂರು ಕೂಡಿಸಿ ಹನ್ನೆರಡು ಫ್ರೇಮು, ಎಂದರೆ ಸೆಕೆಂಡಿನ ಐದನೆಯ ಒಂದು ಭಾಗ. ಅಷ್ಟು ಹೊತ್ತು ಇಬ್ಬರೂ ಅಲುಗಾಡದೆ ನಿಂತರೆ ನೋಡುಗ ಉಸಿರು ಹಿಡಿಯುತ್ತಾನೆ. ಚೆಂಡು ಬ್ಯಾಟಿಗೆ ತಾಗಿರುವ ಸಮಯಕ್ಕೆ ಹೋಲಿಸಿದರೆ ಇದು ಇನ್ನೂರು ಪಟ್ಟು ಸುಳ್ಳು. ಆದರೂ ಅದನ್ನು ಸುಳ್ಳೆಂದು ಯಾರೂ ದೂರಿಲ್ಲ. ಮಿಂಚು ಸೂಸುವ ಏಟುಗಳಲ್ಲಿ ಹೊಡೆಸಿಕೊಂಡವನ ತಡೆಯನ್ನು ಒಂದೂವರೆ ಪಟ್ಟು ಮಾಡಿದ್ದಾರೆ. ವಿದ್ಯುತ್ ತಂತಿ ಮುಟ್ಟಿದವನು ಸೆಟೆದುಕೊಳ್ಳುವುದನ್ನು ಇದಕ್ಕಿಂತ ಅಗ್ಗವಾಗಿ ತೋರಿಸಲು ಸಾಧ್ಯವಿಲ್ಲ.

ಸೂತ್ರದ ಕೊನೆಗೆ ಕೂಡಿಸುವ ಆ ಮೂರನ್ನು ಗಮನಿಸಬೇಕು. ಎಷ್ಟೇ ಸಣ್ಣ ಏಟಾದರೂ ಮೂರು ಫ್ರೇಮಿನ ತಡೆ ಖಂಡಿತ. ಅದಿಲ್ಲದಿದ್ದರೆ ಚಿಕ್ಕ ಏಟುಗಳು ತಾಗಿದವೋ ತಪ್ಪಿದವೋ ಎಂಬುದೇ ತಿಳಿಯದೆ ಹೋಗುತ್ತಿತ್ತು. ಇಲ್ಲಿ ತಡೆ ಅಲಂಕಾರವಷ್ಟೇ ಅಲ್ಲ, ‘ತಾಗಿತು’ ಎಂಬ ರಸೀದಿಯೂ ಹೌದು.

ನಿಲ್ಲಿಸಬೇಕಾದದ್ದು ಯಾರನ್ನು ಎಂಬುದರಲ್ಲೂ ಸೂಕ್ಷ್ಮವಿದೆ. ಹೊಡೆಸಿಕೊಂಡವನನ್ನು ಮಾತ್ರ ನಿಲ್ಲಿಸಿ ಹೊಡೆದವನ ಕೈಯನ್ನು ಮುಂದಕ್ಕೆ ಬಿಟ್ಟರೆ, ಮುಷ್ಟಿ ಗಾಳಿಯನ್ನು ಸೀಳಿಕೊಂಡು ಹೋದಂತೆ ಕಾಣುತ್ತದೆ. ಇಬ್ಬರೂ ನಿಂತಾಗಲೇ ಎದುರಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು ಎಂಬ ಅರ್ಥ ಹುಟ್ಟುವುದು. ಗುಂಡು ಹಾರಿಸಿದವನ ವಿಷಯ ಬೇರೆ. ದೂರದಲ್ಲಿ ತಾಗಿದ ಗುಂಡಿಗೆ ಇವನು ನಿಲ್ಲಬೇಕಾದ ಕಾರಣವಿಲ್ಲ. ಆಟವೂ ಅವನನ್ನು ನಿಲ್ಲಿಸುವುದಿಲ್ಲ. ಮತ್ತೆ, ನಿಂತಿರುವ ಅಷ್ಟು ಹೊತ್ತೂ ಕಾಣುವ ಚಿತ್ರ ಯಾವುದು? ಏಟು ತಿಂದವನ ಮುಖ ಸೊಟ್ಟಗಾಗಿರುವ, ಮೈ ಬಾಗಿರುವ ಭಂಗಿ ತಡೆಯ ಮೊದಲ ಫ್ರೇಮಿನಲ್ಲೇ ಬಂದಿರಬೇಕು. ಏನೂ ಆಗದವನಂತೆ ನಿಂತ ಮನುಷ್ಯನ ಚಿತ್ರವನ್ನು ಹನ್ನೆರಡು ಫ್ರೇಮು ಹಿಡಿದಿಟ್ಟರೆ ಅದು ನಗೆಗೀಡು. ಸದ್ದು ಕೂಡ ಅದೇ ಮೊದಲ ಫ್ರೇಮಿನಲ್ಲಿ ಹೊರಡಬೇಕು, ಚಿತ್ರ ನಿಂತರೂ ಅದು ನಿಲ್ಲಬಾರದು.

ತಡೆ ಕೆಟ್ಟುಹೋದದ್ದನ್ನು ಗುರುತಿಸುವುದು ಸುಲಭ: ಯಂತ್ರ ಕೆಟ್ಟಿತೇನೋ ಎಂಬ ಅನುಮಾನ ಆಟಗಾರನಿಗೆ ಬಂದರೆ ಅದು ಕೆಟ್ಟ ತಡೆ. ಎಲ್ಲವೂ ಒಂದೇ ಸಲ ಸ್ತಬ್ಧವಾದಾಗ ಹೀಗಾಗುತ್ತದೆ. ಇದಕ್ಕಾಗಿ ಸ್ಮ್ಯಾಶ್ ಆಟಗಳಲ್ಲಿ ಹೊಡೆದವನು ಅಚಲವಾಗಿ ನಿಂತಿದ್ದರೆ ಹೊಡೆಸಿಕೊಂಡವನು ನಿಂತಲ್ಲೇ ಅದುರುತ್ತಿರುತ್ತಾನೆ. ಆ ಅದುರು ಎರಡು ಕೆಲಸ ಮಾಡುತ್ತದೆ. ಯಂತ್ರ ಬದುಕಿದೆ ಎಂದು ಹೇಳುತ್ತದೆ. ಬಲ ಯಾರ ಮೈಗೆ ಇಳಿಯಿತು ಎಂದೂ ಹೇಳುತ್ತದೆ. ಮೆಲೇ ಆಟದ ಪಳಗಿದ ಆಟಗಾರರು ಈ ಬಿಡುವಿನಲ್ಲಿ ಹಿಡಿಕೆಯನ್ನು ಸರಕ್ಕನೆ ತಿರುಗಿಸಿ ತಮ್ಮ ಪಾತ್ರವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿಕೊಂಡು ಮುಂದಿನ ಏಟಿನಿಂದ ಪಾರಾಗುವುದುಂಟು. ತಡೆ ಬರಿಯ ತೋರಿಕೆಯಾಗಿ ಉಳಿಯದೆ ಆಟದ ಒಂದು ಅಂಗವೇ ಆಯಿತು.

ಜನ ಹೆಚ್ಚಿದಷ್ಟೂ ತಡೆ ತೊಂದರೆ ಕೊಡುತ್ತದೆ. ಇಬ್ಬರ ಜಗಳದಲ್ಲಿ ಹನ್ನೆರಡು ಫ್ರೇಮು ಹಿತವಾದೀತು. ಎಂಟು ಜನ ಒಟ್ಟಿಗೆ ಬಡಿದಾಡುವಾಗ ಪ್ರತಿ ಏಟಿಗೂ ಅಷ್ಟು ಹೊತ್ತು ನಿಂತರೆ ಗುಂಡಿ ಒತ್ತಿದರೂ ಪಾತ್ರ ಕದಲದೆ, ಜೇನಿನಲ್ಲಿ ಕಾಲು ಹೂತಂತಾಗುತ್ತದೆ. ಇದೇ ಸರಣಿಯ 2018ರ ‘ಅಲ್ಟಿಮೇಟ್’ ಆಟದಲ್ಲಿ ಆಟಗಾರರ ಸಂಖ್ಯೆ ಏರಿದಂತೆ ತಡೆಯನ್ನು ಕಡಿಮೆ ಮಾಡುವ ಏರ್ಪಾಡು ಇದೆ.

ಎರಡನೆಯ ಉಪಾಯ ತೆರೆಯ ನಡುಕ. ಏಟು ಬಿದ್ದಾಗ ಇಡೀ ದೃಶ್ಯವನ್ನೇ ಅತ್ತಿತ್ತ ಕುಲುಕುವುದು. ಕ್ಯಾಮೆರಾ ಹಿಡಿದವನೂ ಆ ಜಾಗದಲ್ಲೇ ನಿಂತಿದ್ದಾನೆ, ಅವನ ಕಾಲ ಕೆಳಗಿನ ನೆಲವೂ ನಡುಗಿತು ಎಂದು ನಂಬಿಸುವ ತಂತ್ರ ಇದು. 1966ರಲ್ಲಿ ಆರಂಭವಾದ ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಆಕಾಶನೌಕೆಗೆ ಪೆಟ್ಟು ಬಿದ್ದಾಗ ಕ್ಯಾಮೆರಾವನ್ನು ಓರೆ ಮಾಡುತ್ತಿದ್ದರು, ನಟರು ಎಲ್ಲರೂ ಒಂದೇ ಕಡೆಗೆ ವಾಲುತ್ತಿದ್ದರು. ಈಗ ನೋಡಿದರೆ ನಗು ಬರುತ್ತದೆ. ಕಲ್ಪನೆ ಮಾತ್ರ ಇಂದಿಗೂ ಅದೇ.

ಕುಲುಕುವುದು ಸುಲಭ, ಹದವಾಗಿ ಕುಲುಕುವುದು ಕಷ್ಟ. ಸ್ಕ್ವಿರಲ್ ಐಸರ್ಲೊ ಎಂಬ ಅಮೆರಿಕದ ಆಟ ತಜ್ಞ 2016ರಲ್ಲಿ ಆಟ ತಯಾರಕರ ಸಮ್ಮೇಳನದಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ವಿಧಾನ ವಿವರಿಸಿದರು. ಆಟದಲ್ಲಿ ‘ಆಘಾತ’ ಎಂಬ ಒಂದು ಅಂಕಿಯನ್ನು ಇಟ್ಟುಕೊಳ್ಳಬೇಕು. ಅದು ಸೊನ್ನೆಯಿಂದ ಒಂದರ ನಡುವೆ ಇರುತ್ತದೆ. ಪ್ರತಿ ಏಟಿಗೂ ಒಂದಿಷ್ಟು ಏರುತ್ತದೆ, ಸುಮ್ಮನಿದ್ದಾಗ ತಾನಾಗಿ ಇಳಿಯುತ್ತದೆ. ಆದರೆ ತೆರೆಯನ್ನು ಕುಲುಕಬೇಕಾದದ್ದು ಆ ಅಂಕಿಯ ಪ್ರಮಾಣದಲ್ಲಿ ಅಲ್ಲ, ಅದರ ವರ್ಗದ ಪ್ರಮಾಣದಲ್ಲಿ. ಆಘಾತ 0.3 ಇದ್ದರೆ ವರ್ಗ 0.09. ತೆರೆಯ ಅತಿ ಹೆಚ್ಚಿನ ಅಲುಗಾಟ 20 ಚುಕ್ಕೆ ಎಂದಿದ್ದರೆ ಈಗ ಅಲುಗುವುದು ಎರಡು ಚುಕ್ಕೆಗಿಂತ ಕಡಿಮೆ. ಆಘಾತ ಮೂರು ಪಟ್ಟಾಗಿ 0.9 ತಲುಪಿದರೆ ವರ್ಗ 0.81, ಅಲುಗಾಟ ಹದಿನಾರು ಚುಕ್ಕೆ. ಸಣ್ಣ ಏಟಿಗೆ ತೆರೆ ಅಲುಗಿತೋ ಇಲ್ಲವೋ ಎನಿಸುತ್ತದೆ, ದೊಡ್ಡದಕ್ಕೆ ಬೆಚ್ಚಿಬೀಳಿಸುತ್ತದೆ. ಇಳಿಯುವಾಗಲೂ ಅಷ್ಟೇ: ಜೋರಾದ ನಡುಕ ಬೇಗ ತಗ್ಗಿ, ಸಣ್ಣ ಕಂಪನ ಮೆಲ್ಲಗೆ ಆರಿಹೋಗುತ್ತದೆ. ಬಾರಿಸಿದ ಗಂಟೆಯ ನಾದವೂ ಹೀಗೆಯೇ ಅಲ್ಲವೆ?

ಮೂರು ಆಯಾಮದ ಆಟಗಳಲ್ಲಿ ಕ್ಯಾಮೆರಾವನ್ನು ಅಕ್ಕಪಕ್ಕಕ್ಕೆ ಸರಿಸುವ ಬದಲು ಅದರ ಮುಖವನ್ನಷ್ಟೇ ಓಲಾಡಿಸುವುದು ಮೇಲು. ಸರಿಸಿದರೆ ಅದು ಪಕ್ಕದ ಗೋಡೆಯೊಳಗೆ ನುಗ್ಗಿ, ಗೋಡೆಯ ಹೊಟ್ಟೆ ಕಂಡುಬಿಡುವ ಅಪಾಯವಿದೆ. ಇನ್ನು ನಡುಕ ಅತಿಯಾದರೆ ಕೆಲವರಿಗೆ ಬಸ್ಸಿನ ಘಾಟಿ ದಾರಿಯಲ್ಲಿ ಆಗುವ ಹಾಗೆ ಹೊಟ್ಟೆ ತೊಳಸುತ್ತದೆ. ಮೈ ಕುರ್ಚಿಯಲ್ಲಿ ಸ್ಥಿರವಾಗಿದೆ, ಕಣ್ಣು ಮಾತ್ರ ಅಲುಗಾಡುತ್ತಿದ್ದೇವೆ ಎನ್ನುತ್ತಿದೆ. ಮಿದುಳಿಗೆ ಈ ಜಗಳ ಒಗ್ಗುವುದಿಲ್ಲ.

ಮೂರನೆಯದು ಕಾರ್ಟೂನು ಚಿತ್ರಗಳ ಮನೆಯಿಂದ ಬಂದದ್ದು, ‘ಇಂಪ್ಯಾಕ್ಟ್ ಫ್ರೇಮ್’. ಜಪಾನಿನ ಅನಿಮೇಷನ್ ಚಿತ್ರಗಳಲ್ಲಿ ಎರಡು ಕತ್ತಿಗಳು ತಾಗಿದ ಕ್ಷಣವನ್ನು ವಿಡಿಯೋದಲ್ಲಿ ಒಂದೊಂದೇ ಫ್ರೇಮು ನಿಲ್ಲಿಸಿ ನೋಡಿ. ಬಣ್ಣವೆಲ್ಲ ಮಾಯವಾಗಿ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಆಕೃತಿಗಳು ಕಾಣುತ್ತವೆ. ಮುಂದಿನ ಫ್ರೇಮಿನಲ್ಲಿ ಅದು ತಿರುಗಿ, ಬಿಳಿ ಹಿನ್ನೆಲೆಯಲ್ಲಿ ಕಪ್ಪು ಗೀಟುಗಳ ಗೋಜಲು. ಮೈಕೈ ಹಿಂಡಿದ ಬಟ್ಟೆಯಂತೆ ತಿರುಚಿರುತ್ತದೆ. ನಿಲ್ಲಿಸಿ ನೋಡಿದರೆ ಚಿತ್ರಕಾರನಿಗೆ ಏನಾಗಿತ್ತು ಎನಿಸಬೇಕು. ಓಡುತ್ತಿರುವಾಗ ಅದರ ಆಯುಷ್ಯ ಸೆಕೆಂಡಿನ ಇಪ್ಪತ್ತನಾಲ್ಕನೆಯ ಒಂದು ಭಾಗ. ಕಂಡೆನೆಂದು ಯಾರೂ ಹೇಳಲಾರರು, ಕಣ್ಣಿಗೆ ಮಾತ್ರ ಚುರುಕ್ ಎಂದಿರುತ್ತದೆ.

ಆದರೆ ಕಣ್ಣಿಗೆ ಮುಟ್ಟಿಸುವ ಈ ಬರೆಗೆ ಮಿತಿಯಿದೆ ಎಂಬುದು ಜಪಾನಿಗೆ ಕಹಿಯಾಗಿಯೇ ತಿಳಿಯಿತು. 1997ರ ಡಿಸೆಂಬರ್ 16ರ ಸಂಜೆ ಅಲ್ಲಿನ ದೂರದರ್ಶನದಲ್ಲಿ ಮಕ್ಕಳ ಮೆಚ್ಚಿನ ‘ಪೋಕೆಮಾನ್’ ಧಾರಾವಾಹಿಯ ಒಂದು ಕಂತು ಪ್ರಸಾರವಾಗುತ್ತಿತ್ತು. ಕ್ಷಿಪಣಿಗಳು ಸಿಡಿಯುವ ದೃಶ್ಯವನ್ನು ಪರಿಣಾಮಕಾರಿಯಾಗಿಸಲು ಕೆಂಪು ಮತ್ತು ನೀಲಿ ಬಣ್ಣಗಳನ್ನು ಸೆಕೆಂಡಿಗೆ ಸುಮಾರು ಹನ್ನೆರಡು ಸಲದಂತೆ ಹಲವು ಸೆಕೆಂಡುಗಳ ಕಾಲ ತೆರೆಯ ತುಂಬ ಮಿಣುಕಿಸಿದರು. ಸ್ಟುಡಿಯೋದವರಿಗೆ ಅದು ಹೊಸ ತಂತ್ರವೇನಲ್ಲ; ‘ಪಕಪಕ’ ಎಂಬ ಅಡ್ಡಹೆಸರಿನಿಂದ ಕರೆಯುವಷ್ಟು ಬಳಕೆಯಲ್ಲಿತ್ತು. ಅಂದು ದೇಶದ ಬೇರೆ ಬೇರೆ ಕಡೆ ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್ ಬಂತು. ಆಸ್ಪತ್ರೆಗೆ ಸಾಗಿಸಿದವರ ಸಂಖ್ಯೆ 685 ಎಂದು ದಾಖಲಾಗಿದೆ. ಧಾರಾವಾಹಿ ನಾಲ್ಕು ತಿಂಗಳು ನಿಂತುಹೋಯಿತು. ಆ ಕಂತನ್ನು ಮತ್ತೆಂದೂ ಪ್ರಸಾರ ಮಾಡಲಿಲ್ಲ.

ಕೆಲವರ ಮಿದುಳು ಇಂಥ ಲಯಬದ್ಧ ಮಿಣುಕಿಗೆ ಸಿಕ್ಕಿ, ಅದರ ನರಕೋಶಗಳು ಒಟ್ಟಾಗಿ ಸಿಡಿಯತೊಡಗುತ್ತವೆ. ಬೆಳಕಿನಿಂದ ಕೆರಳುವ ಅಪಸ್ಮಾರ ಇದು. ಅದರಲ್ಲೂ ಗಾಢ ಕೆಂಪು ಹೆಚ್ಚು ಅಪಾಯಕಾರಿ. ತಮಗೆ ಈ ದೌರ್ಬಲ್ಯವಿದೆಯೆಂದು ಆ ಸಂಜೆಯವರೆಗೂ ತಿಳಿಯದಿದ್ದ ಮಕ್ಕಳೇ ಬಹಳ. 1998ರಲ್ಲಿ ಜಪಾನಿನ ಪ್ರಸಾರ ಸಂಸ್ಥೆಗಳು ನಿಯಮ ಮಾಡಿಕೊಂಡವು. ಇಂದು ಬಹುಮಟ್ಟಿಗೆ ಎಲ್ಲೆಡೆ ಒಪ್ಪಿರುವ ಅಳತೆಯೆಂದರೆ, ಯಾವುದೇ ಒಂದು ಸೆಕೆಂಡಿನಲ್ಲಿ ದೊಡ್ಡ ಮಿಣುಕು ಮೂರಕ್ಕಿಂತ ಹೆಚ್ಚಿರಬಾರದು.

ಈ ಮೂರು ಎಂಬ ಅಂಕಿಯನ್ನು ಹೊಡೆದಾಟಕ್ಕೆ ಅನ್ವಯಿಸಿ ನೋಡಿದರೆ ಎಷ್ಟು ಬಿಗಿಯೆಂದು ತಿಳಿಯುತ್ತದೆ. ಒಂದು ಏಟಿಗೆ ಕಪ್ಪು ಬಿಳುಪಿನ ಒಂದು ಜೋಡಿ ಫ್ರೇಮು ಹಾಕಿದರೆ ಒಂದು ಮಿಣುಕಾಯಿತು. ಚುರುಕಾದ ಆಟದಲ್ಲಿ ಸೆಕೆಂಡಿಗೆ ಆರು ಏಟು ಬೀಳುವುದು ಹೆಚ್ಚಲ್ಲ. ಪ್ರತಿಯೊಂದಕ್ಕೂ ತೆರೆ ತುಂಬ ಮಿಂಚಿಸಿದರೆ ಮಿತಿ ಎರಡು ಪಟ್ಟು ಮೀರಿತು. ಬಲ್ಲವರು ಮೊದಲ ಐದು ಏಟುಗಳಿಗೆ ಚಿಕ್ಕ ಕಿಡಿಯೊಂದನ್ನು ಹಾರಿಸಿ, ಇಂಪ್ಯಾಕ್ಟ್ ಫ್ರೇಮನ್ನು ಕೆಡವುವ ಕೊನೆಯ ಏಟಿಗೆ ಕಾದಿಡುತ್ತಾರೆ. ಹಾಗೆ ಮಾಡಿದಾಗ ಅದರ ಹರಿತವೂ ಉಳಿಯುತ್ತದೆ.

ಮೂರನ್ನೂ ಎಷ್ಟೆಷ್ಟು ಬೆರೆಸಬೇಕೆಂಬ ತೀರ್ಮಾನವನ್ನು ಈಗ ಕೆಲವು ಆಟಗಳು ಆಡುವವನಿಗೇ ಬಿಡುತ್ತವೆ. 2018ರ ‘ಸೆಲೆಸ್ಟ್’ ಎಂಬ ಆಟದಲ್ಲಿ ಹುಡುಗಿಯೊಬ್ಬಳು ಬೆಟ್ಟ ಹತ್ತುತ್ತಾಳೆ. ಅಲ್ಲಿ ಗುದ್ದಾಟವೇ ಇಲ್ಲ. ಆದರೂ ಅವಳು ಗಾಳಿಯಲ್ಲಿ ಚಿಮ್ಮುವಾಗ ತೆರೆ ಕುಲುಕುತ್ತದೆ. ಅದನ್ನು ನಿಲ್ಲಿಸಲು ಒಂದು ಆಯ್ಕೆ ಇದೆ, ಮಿಣುಕನ್ನು ತಗ್ಗಿಸಲು ಇನ್ನೊಂದು. ಎರಡನ್ನೂ ಆರಿಸಿ ಆಡಿದರೂ ಅವಳ ಚಿಮ್ಮುವಿಕೆಯ ಬಿರುಸು ಕಡಿಮೆಯಾದಂತೆ ಅನಿಸುವುದಿಲ್ಲ. ಚಿಮ್ಮುವ ಮುನ್ನ ಇಡೀ ಆಟ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ, ಎಂದರೆ ಸರಿಯಾಗಿ ಮೂರು ಫ್ರೇಮು, ನಿಲ್ಲುತ್ತದೆ.